ಕೊನೆಯಲ್ಲಿ ಉಳಿದ ಸಪಾಟು ಗೆರೆ

ಹಾಲಿನ ಕೇಂದ್ರದ ಧ್ವನಿವರ್ಧಕದಲ್ಲಿ ವಾರಕ್ಕೊಮ್ಮೆ ದನಕರುಗಳ ಆರೈಕೆಯ ಮಾತು ಕೇಳಿಸುತ್ತಿತ್ತು. ಆ ಧ್ವನಿ ಊರಿನ ಒಂದು ಮನೆಯ ಹಿರಿಸೊಸೆಯದು; ಮೊಬೈಲಿನಲ್ಲಿ ಓದಿ ಕಳಿಸುತ್ತಿದ್ದಳು. ಒಮ್ಮೆ ಅವಳ ಗಂಟಲು ಕಟ್ಟಿ, ಕಿರಿಸೊಸೆ ಓದಿದಳು. ಜನ ಕ್ಯಾನು ಕೆಳಗಿಟ್ಟು ಕೇಳಿದರಂತೆ.

“ಈ ಸಲ ಇಬ್ರೂ ಓದಿ ಕಳ್ಸಿ. ಯಾರ್ದು ಚೆನ್ನಾಗಿರುತ್ತೋ ಇನ್ಮೇಲೆ ಅವ್ರೇ,” ಎಂದುಬಿಟ್ಟ ಕೇಂದ್ರದ ಕಾರ್ಯದರ್ಶಿ.

ಹಿರಿಯವಳ ಹೊಟ್ಟೆಯಲ್ಲಿ ಕೆಂಡ ಬಿತ್ತು.

ಕೋಣೆಯ ಕದ ಮುಚ್ಚಿಕೊಂಡು ಓದಿದಳು. ಮುಗಿದಾಗ ಅತ್ತೆ ಬೆಳಿಗ್ಗೆ ಕಿರಿಯವಳ ಗಂಟಲನ್ನು ಹೊಗಳಿದ್ದು ನೆನಪಾಗಿ, ತುಟಿಯೊಳಗೇ ಏನೋ ಗೊಣಗಿ ರೆಕಾರ್ಡಿಂಗ್ ನಿಲ್ಲಿಸಿದಳು.

ಪುಕ್ಕಟೆ ಆ್ಯಪಿನಲ್ಲಿ ರೆಕಾರ್ಡಿಂಗ್ ಹಸನು ಮಾಡುವುದು ಮನೆಯಲ್ಲಿ ಅವಳಿಗೊಬ್ಬಳಿಗೇ ಗೊತ್ತು; ಹಾಗಾಗಿ ಕಿರಿಯವಳು ಓದಿದ್ದೂ ಅವಳ ಕೈಗೇ ಬಂತು. ತನ್ನದರಲ್ಲಿ ಮೊದಲ ಕೆಮ್ಮನ್ನು ಕತ್ತರಿಸಿದಳು. ಕೊನೆಯ ಅಕ್ಷರ ತುಂಡಾಗಬಾರದೆಂದು ಬಾಲವನ್ನು ಸ್ವಲ್ಪ ಉದ್ದ ಬಿಟ್ಟಳು. ದನಿಯ ಏರಿಳಿತ ತೋರಿಸುವ ಪರದೆಯ ಗೆರೆ ಅಲ್ಲಿ ಸಪಾಟಾಗಿತ್ತು, ಏನೂ ಇಲ್ಲವೆಂದುಕೊಂಡಳು. ಮಾತಿಲ್ಲದೆ ಬರೀ ಫ್ಯಾನ್ ಗುಂಯ್‌ಗುಡುತ್ತಿದ್ದ ತುಣುಕನ್ನು ಆರಿಸಿ, ಆ ಗದ್ದಲವನ್ನು ಹದವಾಗಿ ತೆಗೆದಳು. ಕೊನೆಗೆ ಸಣ್ಣ ದನಿಯನ್ನು ಎತ್ತಿ ದೊಡ್ಡದನ್ನು ತಗ್ಗಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಗುಂಡಿ ಒತ್ತಿದಳು. ಮೊದಲೆರಡು ಸಾಲು ಕೇಳಿ ತೃಪ್ತಿಪಟ್ಟಳು.

ಕಿರಿಯವಳದಕ್ಕೆ, ಗದ್ದಲ ಎಷ್ಟು ಹೋಗಬೇಕೆಂದು ಗೊತ್ತುಮಾಡುವ ಪಟ್ಟಿಯನ್ನು ಕೊನೆಯವರೆಗೂ ಎಳೆದಳು. ಗದ್ದಲದ ಜೊತೆ ಮಾತಿನ ತಿರುಳೂ ಹೋಗಿ, ಹಂಡೆಯೊಳಗೆ ಕುಳಿತು ಮಾತಾಡಿದಂತಾಯಿತು.

ಮರುದಿನ ಹಾಲಿನ ಸಾಲಿನಲ್ಲಿ ಓರಗಿತ್ತಿಯರಿಬ್ಬರೂ ನಿಂತಿದ್ದರು. ಮೊದಲು ಕಿರಿಯವಳದು ಬಂತು.

“ಯಾರಮ್ಮಾ ಇದು, ಬಾವಿಗೆ ಬಿದ್ದೋರು?” ಎಂದ ಒಬ್ಬ ಮುದುಕ.

ಹಿರಿಯವಳದು ಗಂಟೆ ಹೊಡೆದಂತೆ ಬಂತು. ಜನ ತಲೆದೂಗಿದರು. ಮಾತು ಮುಗಿದು ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಧ್ವನಿವರ್ಧಕದಲ್ಲಿ ಅವಳದೇ ಗೊಣಗಾಟ, ಅಷ್ಟೇ ದೊಡ್ಡದಾಗಿ: “ಗಂಟಲಂತೆ ಗಂಟಲು! ತೂತು ಬಿದ್ದ ತಗಡಿನ ಡಬ್ಬ. ಅತ್ತೆಗೆ ಕಿವಿನೂ ಇಲ್ಲ, ಬುದ್ಧಿನೂ ಇಲ್ಲ.”

ಸಾಲಿಗೆ ಸಾಲೇ ನಕ್ಕಿತು. ಹಿರಿಯವಳು ನೆಲ ನೋಡಿದಳು.

“ಅಕ್ಕಾ,” ಎಂದಳು ಕಿರಿಯವಳು ಮೆಲ್ಲಗೆ, “ನಿಮ್ಮ ಗೊಣಗಾಟ ಎಷ್ಟು ಚೆನ್ನಾಗಿ ಬಂದಿದೆ! ನನ್ನ ಮಾತಿಗೂ ಅಷ್ಟು ಮುತುವರ್ಜಿ ತೋರಿಸಬಾರ್ದಿತ್ತಾ?”

ಕಾರ್ಯದರ್ಶಿ ತಲೆ ಕೆರೆದುಕೊಂಡ. “ಓದೋದು ಚಿಕ್ಕಮ್ಮೋರು. ಹಸನು ಮಾಡೋದು ದೊಡ್ಡಮ್ಮೋರು. ಪೂರ್ತಿ ಕೇಳಿ ಕಳ್ಸಿ, ತಾಯಿ.”

ಮುಂದಿನ ವಾರ ಕಿರಿಯವಳು ಓದಿಕೊಟ್ಟಳು. ಹಿರಿಯವಳು ಪಟ್ಟಿಯನ್ನು ಹದವಾಗಿಯೇ ಎಳೆದಳು. ಮಾತು ತಿಳಿನೀರಿನಂತೆ ಹೊರಬಂತು. ನಿಜಕ್ಕೂ ಒಳ್ಳೆಯ ಗಂಟಲು. ಬಾಲದಲ್ಲಿ ಸಪಾಟು ಗೆರೆ ಕಂಡಿತು. ಕಿರಿಯವಳೂ ತನ್ನ ಬಗ್ಗೆ ಏನಾದರೂ ಅಂದಿರಲೇಬೇಕು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಆ ತುಣುಕಿನ ದನಿಯನ್ನು ಏರಿಸಿ ಏರಿಸಿ ಕೇಳಿದಳು.

ಫ್ಯಾನಿನ ಗುಂಯ್ ಸದ್ದಿತ್ತು, ಅಷ್ಟೇ.

ಅದಕ್ಕೇ ಅವಳಿಗೆ ಇನ್ನೂ ಹೆಚ್ಚು ಉರಿಯಿತು.