ತೊಂಬತ್ತನಾಲ್ಕರ ಸತ್ಕಾರ

ಸುರವಸೆ ಸರ್ ಸತ್ಕಾರ ಸಮಾರಂಭವನ್ನು ಸಂಜೆ ನಾಲ್ಕಕ್ಕೆ ಇಟ್ಟಿದ್ದರು. ಮಕ್ಕಳು ತಮಗೆ ಬೇಕಾದ ಇಂಜಿನಿಯರಿಂಗ್ ಕಾಲೇಜುಗಳನ್ನು ಬರೆದ ಆಯ್ಕೆಪಟ್ಟಿ ತಿದ್ದುವ ಗಡುವು ಮುಗಿಯುವುದು ಅದೇ ದಿನ ಐದಕ್ಕೆ. ಇದು ತಾನಾಗಿ ಕೂಡಿಬಂದದ್ದು ಎಂದು ನಂಬಲು ಊರ್ಮಿಳಾ ಗುಂಡ್ರೆ ಎಳೆ ಮಗುವಲ್ಲ. ಲಾತೂರಿನಲ್ಲಿ ಸುರವಸೆ ನಡೆಸುತ್ತಿದ್ದ ಕೋಚಿಂಗ್ ಕ್ಲಾಸಿನಲ್ಲಿ ಆಕೆ ಆರು ವರ್ಷದಿಂದ ಗಣಿತ ಕಲಿಸುತ್ತಿದ್ದಳು.

ವೇದಿಕೆಯ ಹಿಂದೆ ಗೋಡೆಯಷ್ಟಗಲ ಬ್ಯಾನರು. ಹನ್ನೊಂದು ಮಕ್ಕಳ ಮುಖಗಳ ನಡುವೆ ಋತುಜಾ ಮಾನೆಯದು, ಕೆಳಗೆ 94.1%. ಸಿಇಟಿ ಫಲಿತಾಂಶದ ಕಾಗದದಲ್ಲಿದ್ದದ್ದು ಪರ್ಸೆಂಟೈಲ್. ಬ್ಯಾನರಿಗೆ ಬರುವಷ್ಟರಲ್ಲಿ ಅದು ಪರ್ಸೆಂಟ್ ಆಗಿತ್ತು. ಪ್ರತಿ ವರ್ಷವೂ ಆಗುತ್ತಿತ್ತು.

ಋತುಜಾಳ ಅಪ್ಪನ ಹೆಸರು ನಿವೃತ್ತಿ ಮಾನೆ; ಹಿಟ್ಟಿನ ಗಿರಣಿಯವನು. ಕೇಸರಿ ಪೇಟ ಸುತ್ತಿಕೊಂಡು ಪೇಢೆಯ ಡಬ್ಬಿ ಹಿಡಿದು ಊರ್ಮಿಳೆಯ ಹತ್ತಿರ ಬಂದ.

“ತಗೋರಿ ಮ್ಯಾಡಂ! ಹನ್ನೆರಡನೇತ್ಯಾಗ ಅರವತ್ತೊಂದು ತಗೊಂಡಾಕಿ ಇಲ್ಲಿ ತೊಂಬತ್ನಾಕು! ಸರ್ ಪಟ್ಟಿಯೊಳಗ ಪುಣೆದ್ದು ಮೂರೇ ಕಾಲೇಜು ತುಂಬಿಸ್ಯಾರ. ಇಷ್ಟು ಮಾರ್ಕ್ಸಿಗೆ ಸಣ್ಣ ಕಾಲೇಜು ಯಾಕ ಅಂದ್ರು.”

ಮುಂದಿನ ಆಟ ಊರ್ಮಿಳೆಗೆ ಗೊತ್ತಿತ್ತು. ಆ ಮೂರರಲ್ಲಿ ಸೀಟು ಸಿಗದೆ ಹುಡುಗಿ ಕೈಚೆಲ್ಲಿ ಕುಳಿತಾಗ ಸುರವಸೆಯ ಭಾವಮೈದುನನ ಖಾಸಗಿ ಕಾಲೇಜು ಬಾಯಿ ತೆರೆದು ಕಾದಿರುತ್ತದೆ. ಹೋದ ವರ್ಷ ಏಳು ಮಕ್ಕಳನ್ನು ಹೀಗೇ ನುಂಗಿತ್ತು. ಅದೆಂಥ ಹೊಲಸು ಮನುಷ್ಯ ಇವನು ಎಂದುಕೊಂಡಳು. ಗಂಟೆ ನಾಲ್ಕೂ ಇಪ್ಪತ್ತು. ಆಕೆ ಮಾನೆಯನ್ನು ಕುಡಿಯುವ ನೀರಿನ ಮೂಲೆಗೆ ಕರೆದೊಯ್ದಳು.

“ಕಾಕಾ, ಋತುಜಾಗ ಬಂದದ್ದು ಇನ್ನೂರಕ್ಕ ನೂರಾ ನಾಕು ಮಾರ್ಕ್ಸ್. ಉತ್ತರಪಟ್ಟಿ ಹಿಡದು ನಾನ ಕೂಡಿಸೀನಿ. ಅಂದ್ರ ನೂರಕ್ಕ ಐವತ್ತೆರಡು.”

ಮಾನೆಯ ಮುಖ ಕಪ್ಪಿಟ್ಟಿತು. “ತೊಂಬತ್ನಾಕು ಸುಳ್ಳೇನ್ರಿ ಹಂಗಾರ?”

“ಸುಳ್ಳಲ್ಲ. ಅದು ಮಾರ್ಕ್ಸ್ ಅಲ್ಲ, ಪಾಳ್ಯಾಗ ನಿಂತ ಜಾಗ. ಪಂಢರಪುರಕ್ಕ ಹೋಗ್ತೀರಲ್ಲ, ದರ್ಶನದ ಪಾಳಿ ನೆನಸ್ಕೊಳ್ರಿ. ನೂರು ಮಂದಿ ಇದ್ರ ಹೆಚ್ಚುಕಡಿಮಿ ಆರು ಮಂದಿ ಆಕಿ ಮುಂದ, ಉಳದವ್ರು ಆಕಿ ಸಮಾ ಇಲ್ಲಾ ಹಿಂದ. ಪೇಪರ್ ಕಠಿಣ ಇದ್ದು ಎಲ್ಲಾರಿಗೂ ಕಮ್ಮಿ ಬಂದ್ರ ಐವತ್ತೆರಡಕ್ಕೂ ಆ ಜಾಗ ಸಿಗ್ತದ.”

“ಮುಂದ ಆರೇ ಮಂದಿ? ಮತ್ತ ಚಲೋನ ಆತಲ್ರಿ!”

“ಚಲೋನ ಓದ್ಯಾಳ. ಆದ್ರ ಪಾಳ್ಯಾಗ ಇರೋರು ನೂರಲ್ಲ ಕಾಕಾ, ನಾಕು ಲಕ್ಷ. ಆಕಿ ಮುಂದ ಇಪ್ಪತ್ಮೂರು ಸಾವಿರಕ್ಕೂ ಹೆಚ್ಚು ಮಂದಿ. ಪುಣೆದ ಆ ಮೂರೂ ಹೋದ ವರ್ಷ ತೊಂಬತ್ತೊಂಬತ್ತಕ್ಕ ಬಾಗಿಲು ಹಾಕ್ಯಾವ.”

ಗಿರಣಿಯವನಿಗೆ ಪಾಳಿ ಎಂದರೇನು ಎಂದು ಬಿಡಿಸಿ ಹೇಳಬೇಕಿರಲಿಲ್ಲ. ಪೇಢೆಯ ಡಬ್ಬಿ ಮುಚ್ಚಿದ.

“ಎಲ್ಲಿ ಸಿಗ್ತದ ಹಂಗಾರ?”

“ಪಕ್ಕದ ಜಿಲ್ಲೆ ಸರ್ಕಾರಿ ಕಾಲೇಜಿನ್ಯಾಗ. ಹೋದ ವರ್ಷ ತೊಂಬತ್ತೆರಡಕ್ಕ ಕೊಟ್ಟಾರ. ಆದ್ರ ನಿಮ್ಮ ಪಟ್ಟಿಯೊಳಗ ಅದರ ಹೆಸರ ಇಲ್ಲ. ಐದರೊಳಗ ಸೇರಿಸಬೇಕು.”

“ಎರಡನೇ ಸುತ್ತು ಇರ್ತದಂತಲ್ರಿ?”

“ಇರ್ತದ. ಅಷ್ಟರಾಗ ಅಲ್ಲಿ ಸೀಟು ಉಳೀಬೇಕಲ್ಲ.”

ಪಟ್ಟಿ ತೆರೆಯಲು ಪಾಸ್‌ವರ್ಡ್ ಬೇಕು. ಎಲ್ಲ ಮಕ್ಕಳ ಪಾಸ್‌ವರ್ಡೂ ಸುರವಸೆ ಸರ್ ಹತ್ತಿರವೇ. ತಂದೆತಾಯಿಗೆ ತೊಂದರೆ ಬೇಡವೆಂದು ಫಾರ್ಮು ತುಂಬಿಕೊಡುವುದು ಕ್ಲಾಸಿನ ‘ಉಚಿತ ಸೇವೆ’. ಮಾನೆ ಸೀದಾ ವೇದಿಕೆ ಹತ್ತಿದ.

“ಸರ್, ಪಾಸ್‌ವರ್ಡ್ ಕೊಡ್ರಿ.”

“ಬರ್ರಿ ಬರ್ರಿ ಮಾನೆ ಕಾಕಾ!” ಸುರವಸೆ ಮೈಕಿನಲ್ಲಿ ಕೂಗಿದ. “ತೊಂಬತ್ನಾಕು ಪರ್ಸೆಂಟಿನ ತಂದಿ! ಚಪ್ಪಾಳಿ!”

ಶಾಲು ಬಂತು, ತೆಂಗಿನಕಾಯಿ ಬಂತು. ಒಂದು ಫೋಟೋ, ಕಣ್ಣು ಮುಚ್ಚಿದ್ದಕ್ಕೆ ಇನ್ನೊಂದು. ಮಾನೆ ಕೈಯಲ್ಲಿದ್ದುದನ್ನೆಲ್ಲ ಕೆಳಗಿಟ್ಟು ಮೈಕು ಕಸಿದುಕೊಂಡ.

“ನನ್ನ ಮಗಳಿಗೆ ಐವತ್ತೆರಡು ಪರ್ಸೆಂಟ್ ಬಂದಾವ! ಪಾಸ್‌ವರ್ಡ್ ಕೊಡ್ರಿ!”

ಸಭೆಯಲ್ಲಿ ಯಾರೋ ನಕ್ಕರು. “ಅಪ್ಪಗ ತಲಿ ತಿರಿಗೇದ, ಖುಷೀಲೆ,” ಅಂದರು ಇನ್ಯಾರೋ. ಮೈಕು ಸತ್ತಿತು. ಸುರವಸೆ ಬಾಗಿ, ಬೆಣ್ಣೆಯಂಥ ದನಿಯಲ್ಲಿ, ಕಂಪ್ಯೂಟರಿನ ಹುಡುಗಿ ಚಹಾಕ್ಕೆ ಹೋಗಿದ್ದಾಳೆ, ಬಂದ ಕೂಡಲೇ ನೋಡೋಣ ಎಂದ. ಊರ್ಮಿಳಾ ಆಫೀಸಿಗೆ ಓಡಿದಳು. ಬೀಗ ಹಾಕಿತ್ತು. ವಾಪಸು ಬರುವಷ್ಟರಲ್ಲಿ ಐದು ದಾಟಿ ಎರಡು ನಿಮಿಷ.

ಋತುಜಾ ಬಾಗಿಲಲ್ಲೇ ನಿಂತಿದ್ದಳು.

“ಮುಚ್ಚಿತೇನ್ರಿ?”

“ಮುಚ್ಚಿತು.”

“ನೀವು ಮಾರ್ಕ್ಸ್ ಕೂಡಿಸಿ ತಿಂಗಳಾತು ಮ್ಯಾಡಂ.”

ಊರ್ಮಿಳೆಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಕೆಲಸ ಹೋದೀತು ಅಂತ ಸುಮ್ಮನಿದ್ದೆ.”

“ನಾ ಅಪ್ಪಗ ದಿನಾ ಹೇಳ್ದೆ, ಅದು ಪರ್ಸೆಂಟ್ ಅಲ್ಲ ಅಂತ. ಸರ್‌ಗಿಂತ ಶಾಣ್ಯಾಕೇನು ನೀ ಅಂದ್ರು,” ಎಂದಳು ಹುಡುಗಿ. “ನೀವು ಹೇಳಿದ್ರ ಅವತ್ತ ನಂಬತಿದ್ರು. ಇವತ್ತು ಹತ್ತ ನಿಮಿಷದಾಗ ನಂಬಿದ್ರಲ್ಲ.”