ನಾಲ್ಕು ಕೊಂಬಿನ ರೂಟರ್

ಸೊರಬದ ಓರಗಿತ್ತಿ ಗಂಗಾಶ್ರೀಯ ಮನೆಗೆ ಬ್ರಾಡ್‌ಬ್ಯಾಂಡ್ ಬಂದಾಗ ಶಿಕಾರಿಪುರದ ಸರ್ವಮಂಗಳೆಯ ಹೊಟ್ಟೆಯಲ್ಲಿ ಎದ್ದ ಉರಿಯ ಮೇಲೆ ಹಂಡೆ ಇಟ್ಟಿದ್ದರೆ, ಎರಡು ತಾಲೂಕಿನ ಅಡಿಕೆ ಒಂದೇ ದಿನದಲ್ಲಿ ಬೆಂದುಹೋಗುತ್ತಿತ್ತು. ನೋಡಿ ಬರಲೆಂದು ಹೋದಳು. ಶೋಕೇಸಿನಲ್ಲಿ ಎರಡು ಕೊಂಬಿನ ರೂಟರ್ ಕೂತಿತ್ತು. ಹೊಸ ಯಂತ್ರಕ್ಕೆ ಮನೆಯವರು ಮಾಡುವಂತೆ ಮೂರೆಳೆ ವಿಭೂತಿ, ಕುಂಕುಮ. ಕುಂಕುಮ ಮಾತ್ರ ಸೊಟ್ಟಗೆ. ಗಂಗಾಶ್ರೀಯ ಕೈಯೇ ಹಾಗೆ.

"ಅಕ್ಕಾ, ನಿಮ್ಮ ಮನೇಲಿ ಇನ್ನೂ ಮೊಬೈಲ್ ನೆಟ್ಟೇನಾ?" ಎಂದಳು ಗಂಗಾಶ್ರೀ, ಕಾಫಿ ಕೊಡುತ್ತ.

ಆ ಕಾಫಿ ಇನ್ನೂ ಜೀರ್ಣವಾಗಿಲ್ಲ ಎನ್ನುತ್ತಾರೆ. ವಾರದೊಳಗೆ ಸರ್ವಮಂಗಳೆಯ ಶೋಕೇಸಿನಲ್ಲಿ ನಾಲ್ಕು ಕೊಂಬಿನ ರೂಟರ್ ಬಂದು ಕೂತಿತು. ಅತಿ ವೇಗದ ಪ್ಲಾನು, ತಿಂಗಳಿಗೆ ಐನೂರು, ಅಳವಡಿಕೆ ಉಚಿತ, ರೂಟರ್ ಉಚಿತ. ಅದರ ವೇಗಕ್ಕೆ ಅಂಜನಾಪುರದ ಕೆರೆಯ ನೀರೇ ಅಲುಗುತ್ತದೆಂದು ಬೀದಿಗೆಲ್ಲ ಹೇಳಿ ಬಂದಳು.

ನಾಲ್ಕನೇ ತಿಂಗಳು ಬಿಲ್ಲು ಸಾವಿರದ ಆರುನೂರು ದಾಟಿತು.

"ಏನೇ ಇದು, ಮನೀಗೆ ತಂತಿ ಎಳೆದಾರೋ, ರೈಲು ಬಿಟ್ಟಾರೋ?" ಎಂದ ಗಂಡ ತೋಟಪ್ಪ. "ತೆಗೆಸಿಬಿಡು."

"ಸೊರಬದವಳ ಮುಂದೆ ನನ್ನ ಮೂಗು ಕೊಯ್ಸಬೇಕು ಅಂತೀರೇನ್ರೀ?"

ಎರಡೂ ತಾಲೂಕಿನ ಸಂಪರ್ಕ ನೋಡಿಕೊಳ್ಳುವ ಕಚೇರಿ ಶಿರಾಳಕೊಪ್ಪದಲ್ಲಿತ್ತು. ಮರುದಿನ ಸಾಕ್ಷಿಗೆಂದು ರೂಟರನ್ನೂ ಚೀಲಕ್ಕೆ ಹಾಕಿಕೊಂಡು ಅಲ್ಲಿಗೆ ಹೋಗಿ ಮೇಜಿನ ಹಿಂದಿದ್ದ ಪರಶುರಾಮನ ಮುಂದೆ ಬಿಲ್ಲು ಬಡಿದಳು.

"ಐನೂರು ಮೊದಲ ಮೂರು ತಿಂಗಳಿಗಷ್ಟೇ ರೀ ಅಮ್ಮಾರೆ. ಈಗ ಪೂರ್ತಿ ದರ. ರೂಟರ್ ನಮ್ಮದು, ಆಫರ್ ಮುಗಿದ ಮೇಲೆ ಬಾಡಿಗೆ ಬೀಳ್ತದೆ. ಅಳವಡಿಕೆ ಉಚಿತ ಅಂದಿದ್ದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದೋರಿಗೆ. ಮೇಲೆ ಜಿಎಸ್‌ಟಿ."

"ಇದನ್ನ ಅವತ್ತೇ ಬಾಯಿ ಬಿಟ್ಟು ಹೇಳಿದ್ರೆ ಹಲ್ಲು ಉದುರ್ತಿದ್ವಾ?"

"ಅರ್ಜಿಯ ಹಿಂದೆ ಸಣ್ಣದಾಗಿ ಬರೆದೈತಲ್ರೀ. ಅಳವಡಿಕೆದು ಕಟ್ಟಲೇಬೇಕು. ರೂಟರ್ ವಾಪಸ್ ಕೊಟ್ಟು ಸ್ವಂತದ್ದು ತಗೊಂಡು, ಸಣ್ಣ ಪ್ಲಾನಿಗೆ ಬಂದ್ರೆ ಉಳೀತದೆ."

ಸಣ್ಣ ಪ್ಲಾನು! ಗಂಗಾಶ್ರೀ ವೀಡಿಯೊ ಕರೆಯಲ್ಲಿ ನಗುವ ನಗು ಸರ್ವಮಂಗಳೆಯ ಕಿವಿಯಲ್ಲಿ ಗುಡುಗಿತು. ಇದ್ದ ಬಳೆ ಮಾರಿಯಾದರೂ ಪೂರ್ತಿ ದರ ಕಟ್ಟಿಯೇನು ಎಂದು ಬಾಯಿ ತೆರೆದವಳು ಹಾಗೇ ನಿಂತಳು. ಪರಶುರಾಮನ ಹಿಂದಿನ ಕಪಾಟಿನಲ್ಲಿ, ಮರಳಿ ಬಂದ ರೂಟರುಗಳ ನಡುವೆ, ಎರಡು ಕೊಂಬಿನದೊಂದು. ಮೂರೆಳೆ ವಿಭೂತಿ. ಸೊಟ್ಟ ಕುಂಕುಮ.

"ಅದು ಸೊರಬದ್ದಾ?"

"ಹೌದ್ರೀ. ಹೋದ ವಾರವೇ ಕೊಟ್ಟು ಹೋದ್ರು. ಒರೆಸಿದ್ರೂ ಹೋಗವಲ್ದು."

ಸರ್ವಮಂಗಳೆ ಚೀಲದಿಂದ ತನ್ನ ನಾಲ್ಕು ಕೊಂಬಿನದನ್ನು ತೆಗೆದು ಮೇಜಿನ ಮೇಲಿಟ್ಟಳು. ಮುಖದ ಮೇಲೆ ಶಿವರಾತ್ರಿಯ ಜಾಗರಣೆ ಮುಗಿಸಿದವರ ನೆಮ್ಮದಿ.

"ಅವಳು ಈಗ ಯಾವ ಪ್ಲಾನಿನಾಗೆ ಇದ್ದಾಳೆ?"

"ಎಲ್ಲಕ್ಕಿಂತ ಸಣ್ಣದು ರೀ. ರೂಟರ್ರೂ ಸ್ವಂತದ್ದು, ಒಂದೇ ಕೊಂಬಿಂದು."

"ಹಂಗಾದ್ರೆ ನಂಗೆ ಅದಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲಿಂದು ಹಾಕಪ್ಪ. ಮತ್ತೆ ಎರಡು ಕೊಂಬಿನ ರೂಟರ್ ಎಲ್ಲಿ ಸಿಗ್ತದೆ, ಹೇಳು."