ಕೆಟ್ಟ ವರ್ಷದ ಸಾಲು

ಮಾರಕ್ಕ ಆ ತುದಿ ಹಿಡಿದಳು, ನಾನು ಈ ತುದಿ ಹಿಡಿದೆ. ಬೆಡ್‌ಶೀಟನ್ನು ಎರಡು ಸಲ ಜಾಡಿಸಿ, ಅಂಚಿಗೆ ಅಂಚು ಕೂಡಿಸಿ, ನಾನು ಮುಂದೆ ಹೋಗಿ ಅವಳ ಕೈಯಿಂದ ಮೂಲೆಗಳನ್ನು ತೆಗೆದುಕೊಂಡೆ. ಇನ್ನೊಂದು ಮಡಿಕೆ, ಮತ್ತೊಂದು. ಮೇಜಿನ ಮೇಲೆ ಇಟ್ಟು, ಮುಂದಿನದನ್ನು ಎತ್ತಿಕೊಂಡೆವು. ಒಂದು ಮೂಲೆ ಸಡಿಲ ಬಿಟ್ಟರೆ ಬಟ್ಟೆಯೆಲ್ಲ ಆ ಕಡೆಗೇ ಜಾರುತ್ತದೆ. ಅದಕ್ಕೆ ನಾವಿಬ್ಬರೂ ಒಬ್ಬರ ಕೈ ಒಬ್ಬರು ನೋಡುತ್ತಲೇ ಮಡಚುತ್ತೇವೆ. ಬಾಗಲೂರಿನ ನಮ್ಮ ಲಾಂಡ್ರಿ ಶೆಡ್ಡಿನಲ್ಲಿ ಡ್ರೈಯರ್ ಸದ್ದಿಗೆ ಮಾತು ಹೇಗೂ ಕೇಳಿಸುವುದಿಲ್ಲ.

ಅವತ್ತು ಸಂಜೆ ನಾನು ಬ್ಯಾಂಕ್ ಸಾಲದ ಕಾಗದಕ್ಕೆ ಸಹಿ ಹಾಕಬೇಕಿತ್ತು. ನಮ್ಮಲ್ಲೇ ಕೆಲಸಕ್ಕಿರುವ ಮಾರಕ್ಕನಿಗೆ ಅದು ಗೊತ್ತಿತ್ತು. ಕೊನೆಯ ಶೀಟ್ ಇಟ್ಟ ಮೇಲೆ ನನ್ನ ಕೈ ಒಮ್ಮೆ ಒತ್ತಿ ಒಳಗೆ ಹೋದಳು.

ನಮ್ಮದು ಸಣ್ಣ ಲಾಂಡ್ರಿ. ಪೀಜಿಗಳು, ಲಾಡ್ಜುಗಳು, ಏರ್‌ಪೋರ್ಟ್ ರಸ್ತೆಯ ಒಂದು ದೊಡ್ಡ ಹೋಟೆಲಿನ ಹೆಚ್ಚುವರಿ ಬಟ್ಟೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ಮೇಲೆ ನಾನು ಇಲ್ಲೇ ಇದ್ದೇನೆ. ಈಗ ಅಶ್ವತ್ಥ್ ಚಿಕ್ಕಪ್ಪ ಶೆಡ್ಡಿನ ಹಿಂದಿನ ಜಾಗದಲ್ಲಿ ಮೂರು ಕೋಟಿಯ ದೊಡ್ಡ ಘಟಕ ಕಟ್ಟಬೇಕು ಅಂತ ಹೊರಟಿದ್ದರು. ಆ ಹೋಟೆಲಿನವರು ಅಷ್ಟೂ ಬಟ್ಟೆ ಕೊಡುತ್ತೇವೆ ಅಂದಿದ್ದರು. ಸಾಲಕ್ಕೆ ಅಡಮಾನವಾಗಿ ಬ್ಯಾಂಕಿಗೆ ಈ ಜಾಗದ ಜೊತೆಗೆ ನನ್ನ ಸೈಟೂ ಬೇಕಾಗಿತ್ತು. ರಾಜಾನುಕುಂಟೆಯ ಬಡಾವಣೆಯಲ್ಲಿ ಅಪ್ಪ ತೀರಿಕೊಳ್ಳುವ ಮುಂಚೆ ನನ್ನ ಹೆಸರಿಗೆ ಬರೆದುಕೊಟ್ಟ ಮೂವತ್ತು-ನಲವತ್ತರ ಸೈಟು. ನನ್ನ ಹೆಸರಿನಲ್ಲಿರುವ ನೆಲ ಅದೊಂದೇ. ಅಲ್ಲಿ ಒಂದು ಮನೆ ಕಟ್ಟಿ, ನನ್ನ ಬಾಗಿಲು ನಾನೇ ತೆಗೆದು ನಾನೇ ಹಾಕಿಕೊಳ್ಳಬೇಕು ಅಂತ ಆಸೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಎರಡು ದಿನದ ಹಿಂದೆ ಚಿಕ್ಕಪ್ಪ ಕೇಳಿದಾಗ ಅದರ ಪತ್ರವನ್ನು ಸುಮ್ಮನೆ ತೆಗೆದುಕೊಟ್ಟಿದ್ದೆ.

ಸಂಜೆ ಯಲಹಂಕದಿಂದ ಆಡಿಟರ್ ವೇಣುಗೋಪಾಲ್ ಬಂದರು. ಯೋಜನಾ ವರದಿ ಮಾಡಿದವರು ಅವರೇ. ಶೆಡ್ಡಿನ ಪಕ್ಕದಲ್ಲೇ ನಮ್ಮ ಮನೆ. ಒಳಮನೆಯಲ್ಲಿ ಅಜ್ಜಿ ದೇವರ ದೀಪ ಹಚ್ಚಿ ಗೋಡೆಗೆ ಒರಗಿ ಕೂತಿದ್ದಳು. ಚಿಕ್ಕಪ್ಪ ಚಾಪೆಯ ಮೇಲೆ ಫೈಲು ಹರಡಿದರು. ಸೈಟಿನ ಪತ್ರ ಅದರ ಮೇಲೇ ಇತ್ತು. ನಾನು ಕಾಫಿ ಕೊಟ್ಟು ಬಾಗಿಲ ಹತ್ತಿರ ಕೂತೆ.

"ಬಾಮ್ಮ ಸುಮಾ, ಹತ್ರ ಬಾ. ಸೈನ್ ಹಾಕೋಳು ನೀನಲ್ವಾ, ಅಲ್ಲಿಂದ ಕೈ ಎಟುಕುತ್ತಾ?" ಅಂದರು ಚಿಕ್ಕಪ್ಪ.

"ಮೊದ್ಲು ಅವರಿಗೆ ತಿಳೀಲಿ. ಆಮೇಲೆ ಸೈನು," ಅಂದರು ವೇಣುಗೋಪಾಲ್. ಮೂರು ಹಾಳೆ ತೆಗೆದು ನನ್ನ ಮುಂದೆ ಇಟ್ಟರು. ಅವರು ನಿಧಾನಕ್ಕೆ, ಎದುರಿಗಿರುವವರ ಮುಖ ನೋಡಿಕೊಂಡು ಹೇಳುವವರು.

ಮೊದಲ ಹಾಳೆ ಬ್ರೇಕ್-ಈವನ್‌ದು, ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಿಲ್ಲುವ ಲೆಕ್ಕ. "ಕೆಜಿಗೆ ಮೂವತ್ತೆರಡು ರೂಪಾಯಿ ಬರುತ್ತೆ. ನೀರು, ಕರೆಂಟು, ಗ್ಯಾಸು, ಸೋಪು, ಗಾಡಿ ಅಂತ ಹದಿನೇಳು ಹೋಗುತ್ತೆ. ಹದಿನೈದು ಉಳಿಯುತ್ತೆ. ಬಟ್ಟೆ ಬರಲಿ ಬಿಡಲಿ, ತಿಂಗಳಿಗೆ ಸಂಬಳ, ರಿಪೇರಿ, ಮಷಿನ್ ಸವೆತ ಸೇರಿ ಒಂಬತ್ತು ಲಕ್ಷ. ಅಂದ್ರೆ ದಿನಕ್ಕೆ ಎರಡು ಸಾವಿರ ಕೆಜಿ ಬಂದ್ರೆ ಸರಿಹೋಯ್ತು. ನಾವು ಲೆಕ್ಕ ಹಾಕಿರೋದು ಮೂರು ಸಾವಿರ."

"ಇಳಿಯೋಕೆ ಇನ್ನೂ ಸಾವಿರ ಕೆಜಿ ಜಾಗ ಇದೆ ನೋಡು," ಅಂದರು ಚಿಕ್ಕಪ್ಪ. "ಇನ್ನೇನ್ ಬೇಕು?"

"ಒಂದು ಮಾತು ಅಶ್ವತ್ಥ್. ಎರಡು ಸಾವಿರ ಕೆಜಿಯಲ್ಲಿ, ಹಾಕಿದ ಮೂರು ಕೋಟಿ ಹತ್ತು ವರ್ಷಕ್ಕೆ ವಾಪಸ್ ಬರುತ್ತೆ ಅಷ್ಟೆ. ಆ ದುಡ್ಡಿಗೆ ಬಡ್ಡಿ ಹನ್ನೆರಡು ಪರ್ಸೆಂಟೂ ದುಡೀಬೇಕು ಅಂದ್ರೆ ಎರಡು ಸಾವಿರದ ನಾನ್ನೂರ ಮೂವತ್ತರ ಹತ್ರ ಬೇಕು. ಸಾವಿರ ಅಂದ್ಕೊಂಡ ಜಾಗ ಆರುನೂರಕ್ಕೂ ಕಡಿಮೆ."

ಎರಡನೆಯ ಹಾಳೆಯಲ್ಲಿ ಬೇರೆ ಬೇರೆ ಸಾಲುಗಳಿದ್ದವು. ಉಳಿದದ್ದೆಲ್ಲ ಇದ್ದ ಹಾಗೇ ಇಟ್ಟು ಒಂದನ್ನು ಮಾತ್ರ ಅಲುಗಾಡಿಸಿದ್ದು. ಬಟ್ಟೆ ಶೇಕಡಾ ಹತ್ತೊಂಬತ್ತು ಕಡಿಮೆಯಾಗುವವರೆಗೆ ಘಟಕ ತಡೆಯುತ್ತದೆ. ದರ ಶೇಕಡಾ ಒಂಬತ್ತರಷ್ಟು ಇಳಿದರೂ ತಡೆಯುತ್ತದೆ. ನೀರು-ಕರೆಂಟಿನಂಥ ಖರ್ಚು ಶೇಕಡಾ ಹದಿನೇಳರಷ್ಟು ಏರಿದರೂ ತಡೆಯುತ್ತದೆ.

"ದರದ ಮೇಲೆ ಕಣ್ಣಿಡ್ಬೇಕು ಅಂತ ಗೊತ್ತಾಗೋದು ಇದ್ರಿಂದ," ಅಂದರು ವೇಣುಗೋಪಾಲ್. "ಅದೇ ತೆಳ್ಳಗಿರೋ ಜಾಗ."

ಮೂರನೆಯ ಹಾಳೆಯಲ್ಲಿ ಮೂರು ಕಾಲಂ: ಒಳ್ಳೆ ವರ್ಷ, ಸಾಮಾನ್ಯ ವರ್ಷ, ಮತ್ತೊಂದು 'ಸ್ವಲ್ಪ ನಿಧಾನದ ವರ್ಷ'. ಅದರಲ್ಲಿ ಬಟ್ಟೆ ಶೇಕಡಾ ಐದು ಕಡಿಮೆ, ಅಷ್ಟೆ. ಕೆಳಗೆ ಲಾಭವೇ ಇತ್ತು.

ಆ ಕಾಲಂ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ಹೋದ ತಿಂಗಳು ಇದೇ ಒಳಮನೆಯಲ್ಲಿ ವೇಣುಗೋಪಾಲ್ "ತೀರಾ ಕೆಟ್ಟದ್ದು ಅಂದ್ರೆ ಏನಾಗ್ಬಹುದು?" ಅಂತ ಕೇಳಿದಾಗ ನಾನು ಬಾಗಿಲಲ್ಲೇ ಇದ್ದೆ. ನಮ್ಮ ಮನೆಯಲ್ಲಿ ಹೊರಡುವಾಗ ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನಬೇಕು. ಡಬ್ಬ ಖಾಲಿಯಾದರೂ ಅಕ್ಕಿ ಮುಗೀತು ಅನ್ನುವುದಿಲ್ಲ, ತುಂಬಿಸಬೇಕು ಅನ್ನುತ್ತೇವೆ. ಅಜ್ಜಿ ಅವತ್ತು ದೀಪದ ಕಡೆ ತೋರಿಸಿ, "ಒಸ ಕೆಲ್ಸಕ್ಕೆ ಕೈ ಆಕೋವಾಗ ಅಂತಾ ಮಾತು ಬಾಯಿಗೆ ತರಬ್ಯಾಡಪ್ಪ" ಅಂದಿದ್ದಳು. ಚಿಕ್ಕಪ್ಪ ಆ ಕ್ಷಣ ತೋಚಿದ್ದನ್ನು ಅಂದರು: ಐದು ಪರ್ಸೆಂಟ್ ಹಾಕಿ ಸಾರ್. ವೇಣುಗೋಪಾಲ್ ಅಜ್ಜಿಯ ಮುಖ ನೋಡಿ ಅದನ್ನೇ ಬರೆದುಕೊಂಡಿದ್ದರು. ನಮ್ಮ ಕೆಟ್ಟ ವರ್ಷ ಐದೇ ಪರ್ಸೆಂಟಿಗೆ ನಿಂತಿದ್ದು ಹೀಗೆ, ಅಜ್ಜಿಯ ಮಾತಿನ ಮರ್ಯಾದೆಗೆ.

"ಎಲ್ಲಾ ತಿಳೀತಲ್ಲ?" ಅಂದರು ಚಿಕ್ಕಪ್ಪ. ಪೆನ್ನು ಮುಂದೆ ಸರಿಸಿದರು.

ಪೆನ್ನು ತೆಗೆದುಕೊಳ್ಳಲಿಲ್ಲ. ಮಾತು ಬರುವುದಕ್ಕೆ ಯಾವಾಗಲೂ ಸ್ವಲ್ಪ ಹೊತ್ತು ಬೇಕು ನನಗೆ. ಎದುರಿಗಿದ್ದವರು ಕಾಯಲಿ ಅಂತ ಅವತ್ತು ಮೊದಲ ಸಲ ಅನ್ನಿಸಿತು.

"ಸಾರ್, ನೀರಿಲ್ಲದ ಆ ಬೇಸಿಗೆ ನೆನಪಿದ್ಯಾ? ಟ್ಯಾಂಕರಿನವರು ಬಾಯಿಗೆ ಬಂದ ರೇಟು ಕೇಳ್ತಿದ್ರಲ್ಲ."

"ಇಲ್ದೆ ಏನಮ್ಮ. ನಮ್ಮ ಅಪಾರ್ಟ್‌ಮೆಂಟಲ್ಲಿ ಬಕೆಟ್ ಹಿಡ್ಕೊಂಡು ನಿಂತಿದ್ವಿ."

"ಆಗ ಹೋಟೆಲಿನಿಂದ ಬಟ್ಟೆ ತರೋಕೆ ನಾನೂ ಮಾರಕ್ಕನೂ ಹೋಗ್ತಿದ್ವಿ. ಹಾಸಿಗೆ ಮೇಲೆಲ್ಲ ಒಂದು ಕಾರ್ಡ್ ಇಟ್ಟಿದ್ರು. ನೀರು ಉಳಿಸಿ, ಶೀಟು ಟವಲ್ಲು ದಿನಾ ಬದಲಾಯಿಸ್ಬೇಡಿ ಅಂತ. ಮೂಟೆ ತುಂಬ ಚಿಕ್ಕದಾಗೋಯ್ತು. ನಮಗೆ ನೀರಿನ ಖರ್ಚು ಏರಿದ್ದೂ ಆಗಲೇ, ಬಟ್ಟೆ ಇಳಿದದ್ದೂ ಆಗಲೇ. ಇಲ್ಲಿ ಎರಡೂ ಬೇರೆ ಬೇರೆ ಸಾಲಲ್ಲಿದೆ."

ವೇಣುಗೋಪಾಲ್ ಕಾಫಿ ಲೋಟ ಕೆಳಗಿಟ್ಟರು. "ಹೌದು. ಎರಡನೇ ಹಾಳೆಯ ಸ್ವಭಾವವೇ ಅದು, ಒಂದನ್ನ ಎಳೆದು ಉಳಿದದ್ದನ್ನ ಕಟ್ಟಿಹಾಕುತ್ತೆ. ಒಟ್ಟಿಗೆ ಬರೋದನ್ನ ಮೂರನೇ ಹಾಳೆ ಹಿಡೀಬೇಕಿತ್ತು. ಹಿಡಿಯೋಷ್ಟು ನಾನು ಕೇಳ್ಲಿಲ್ಲ."

ಲ್ಯಾಪ್‌ಟಾಪ್ ತೆರೆದು ಬಟ್ಟೆ ಹತ್ತು ಪರ್ಸೆಂಟ್ ಇಳಿಸಿದರು, ಖರ್ಚು ಹತ್ತು ಏರಿಸಿದರು. ದರ ಮುಟ್ಟಲಿಲ್ಲ. ಎರಡೂ ಬೇರೆ ಬೇರೆಯಾಗಿ ಬಂದಿದ್ದರೆ ಘಟಕ ಆರಾಮಾಗಿ ತಡೆಯುತ್ತಿತ್ತು. ಪರದೆ ನಮ್ಮ ಕಡೆ ತಿರುಗಿಸಿದರು.

"ಹತ್ತು ವರ್ಷದ ಉಳಿತಾಯವನ್ನ ಇವತ್ತಿನ ಬೆಲೆಗೆ ಇಳಿಸಿ, ಹಾಕಿದ ಮೂರು ಕೋಟಿ ಕಳೆದ್ರೆ, ಹತ್ತು ಲಕ್ಷ ಮೈನಸ್."

"ಹತ್ತು ವರ್ಷಾನೂ ಬರಗಾಲ ಇರುತ್ತಾ ಸಾರ್?" ಅಂದರು ಚಿಕ್ಕಪ್ಪ. ದನಿ ಒರಟಾಗಿರಲಿಲ್ಲ, ನಗುತ್ತಲೇ ಇದ್ದರು. "ಇವಳೇನೋ ಒಂದು ಬೇಸಿಗೆ ಕಥೆ ಹೇಳಿದ್ಳು, ನೀವು ಹತ್ತು ವರ್ಷಕ್ಕೆ ಹಾಸಿಬಿಟ್ರಿ."

"ಸರಿಯಾದ ಮಾತು. ಎಷ್ಟು ವರ್ಷ ಹಾಗಿರುತ್ತೆ ಅಂತ ಈ ಹಾಳೆಗಳಿಗೆ ಗೊತ್ತಿಲ್ಲ. ಇಷ್ಟಾದ್ರೆ ಇಷ್ಟು ಅಂತ ಹೇಳ್ತವೆ. ಆಗೋದು ನೂರಕ್ಕೆ ಎಷ್ಟು ಸಲ ಅಂತ ಒಂದೂ ಹೇಳಲ್ಲ. ನಾನೂ ಹೇಳಲಾರೆ. ನಾನು ಹೆದರಿಸ್ತಿಲ್ಲ ಅಶ್ವತ್ಥ್, ಯೋಜನೆ ಒಳ್ಳೇದೇ. ಸಾಮಾನ್ಯ ವರ್ಷಗಳೇ ಬಂದ್ರೆ ಅದೇ ಲೆಕ್ಕದಲ್ಲಿ ಒಂದು ಕೋಟಿ ಎಪ್ಪತ್ತೈದು ಲಕ್ಷದ ಹತ್ರ ಮಿಗುತ್ತೆ."

"ಮತ್ತೆ ಏನಕ್ಕೆ ಕೆಟ್ಟದ್ದು ಕೆದಕ್ತೀರಿ?" ಅಂದಳು ಅಜ್ಜಿ. "ದೀಪ ಉರೀತೈತೆ ಅಂತ ನಿಗಾ ಬ್ಯಾಡ್ವಾ? ಇಂಗೆಲ್ಲ ಆಡಿದ್ರೆ ಒಳ್ಳೇದಾದೀತಾ?"

"ಅಜ್ಜಿ, ನಾವು ಹೇಳದೇ ಇದ್ರೆ ಬೋರಿಗೆ ನೀರು ಬರುತ್ತಾ?" ಅಂದೆ.

ಚಿಕ್ಕಪ್ಪ ನಕ್ಕುಬಿಟ್ಟರು. ಅಜ್ಜಿ ನಗಲಿಲ್ಲ, ಆದರೆ ಬೈಯಲೂ ಇಲ್ಲ. ಸೆರಗನ್ನು ಮೊಣಕಾಲ ಮೇಲೆ ಸರಿಮಾಡಿಕೊಂಡು, "ಏನ್ ಮಾಡ್ಬೇಕು ಅಂತೀಯ ಏಳು," ಅಂದಳು.

ಅವಳು ಹಿಂದೆ ಯಾವತ್ತೂ ಹಾಗೆ ನನ್ನನ್ನು ಕೇಳಿದ್ದು ನೆನಪಿಲ್ಲ. ಏನು ಹೇಳಬೇಕು ಅನ್ನುವುದು ಒಳಗೆ ಮಡಚಿಟ್ಟ ಹಾಗೆ ಇತ್ತು.

"ಪೂರ್ತಿ ಒಂದೇ ಸಲ ಯಾಕೆ? ಈಗ ಅರ್ಧ ಹಾಕೋಣ. ಹೋಟೆಲಿನವರು ಬಟ್ಟೆ ಕೊಡ್ತೀವಿ ಅಂದಿರೋದು ಬಾಯ್ಮಾತಲ್ಲಿ. ಇನ್ನೂ ಇಬ್ಬರು ಗಿರಾಕಿ ಸಿಗಲಿ, ಅರ್ಧದ ಮೇಲೆ ಉಳಿದರ್ಧ ಕಟ್ಟೋದು ಎಷ್ಟೊತ್ತಿನ ಕೆಲ್ಸ? ಸಾರ್, ಹಾಗೆ ಮಾಡಿದ್ರೆ ಹಾಳೆ ಏನನ್ನುತ್ತೆ?"

"ಕೆಜಿಗೆ ಖರ್ಚು ಸ್ವಲ್ಪ ಜಾಸ್ತಿ, ಒಳ್ಳೆ ವರ್ಷದಲ್ಲಿ ಲಾಭ ಕಡಿಮೆ. ಹಾಳೆ ಮಾತ್ರ ನೋಡಿದ್ರೆ ಇದು ಸೋಲುತ್ತೆ," ಅಂದರು ವೇಣುಗೋಪಾಲ್. ಮತ್ತೆ ನಿಧಾನವಾಗಿ, "ಆದ್ರೆ ಮೂರೂ ಹಾಳೆಗಳು ಇನ್ನೊಂದನ್ನ ಬಿಟ್ಟಿವೆ. ಏನೇ ಆದ್ರೂ ನೀವು ಹತ್ತು ವರ್ಷ ಕೈಕಟ್ಟಿ ಕೂತಿರ್ತೀರಿ ಅಂತ ಅಂದ್ಕೊಂಡಿವೆ. ನಡುವೆ ನಿಂತು ಯೋಚನೆ ಮಾಡೋಕೆ ಆಗೋದಕ್ಕೂ ಒಂದು ಬೆಲೆ ಇದೆ. ಅದನ್ನ ಇಲ್ಲಿ ಎಲ್ಲೂ ಬರೆದಿಲ್ಲ."

"ಅರ್ಧಕ್ಕಾದ್ರೆ ಬ್ಯಾಂಕ್ ಅಡಮಾನಕ್ಕೆ ಏನ್ ಕೇಳುತ್ತೆ?" ಅಂದೆ.

"ಶೆಡ್ಡಿನ ಹಿಂದಿನ ಜಾಗ ಒಂದೇ ಸಾಕಾಗ್ಬಹುದು."

ಚಿಕ್ಕಪ್ಪ ನಗುವುದನ್ನು ನಿಲ್ಲಿಸಿದರು. ಸೈಟಿನ ಪತ್ರದ ಮೇಲೆ ಅವರ ಅಂಗೈ ಇತ್ತು. ತಾವೇ ಇಟ್ಟಿದ್ದೆಂಬುದು ಅವರಿಗೂ ಆಮೇಲೆ ಗೊತ್ತಾದಂತಿತ್ತು. ಕೈ ನೋಡಿಕೊಂಡರು, ತೆಗೆಯಲಿಲ್ಲ. "ದೊಡ್ಡ ಹೋಟೆಲು ಮಗಾ. ಅರ್ಧ ಕಟ್ಟಿರೋರಿಗೆ ಅಷ್ಟೂ ಬಟ್ಟೆ ಕೊಡಲ್ಲ ಅವ್ರು," ಅಂದರು. ಅದೂ ಸುಳ್ಳಲ್ಲ. ಅದನ್ನೂ ಯಾವ ಹಾಳೆಯೂ ಹೇಳಿರಲಿಲ್ಲ.

ಹೊರಗೆ ಡ್ರೈಯರ್ ನಿಂತಿತು. ಇಡೀ ದಿನದ ಸದ್ದು ಹೋದ ಮೇಲೆ ಮನೆಯೊಳಗೆ ದೀಪದ ಬತ್ತಿ ಚಟಗುಟ್ಟುವುದೂ ಕೇಳಿಸಿತು. ವೇಣುಗೋಪಾಲ್ ಪರದೆ ಮುಚ್ಚಿದರು. ಅಜ್ಜಿ ದೀಪವನ್ನೇ ನೋಡುತ್ತಿದ್ದಳು.

ನಾನು ಪೆನ್ನನ್ನು ತೆಗೆದುಕೊಂಡು, ಮುಚ್ಚಳ ಹಾಕಿ, ಚಿಕ್ಕಪ್ಪನ ಮುಂದೆ ಇಟ್ಟೆ. ಕೈ ಚಾಚಿದೆ.

"ಚಿಕ್ಕಪ್ಪ, ನನ್ನ ಸೈಟಿನ ಪತ್ರ ಕೊಡಿ."